ಸ್ಕ್ಯಾನಿನಲ್ಲಿ ನಾಲ್ಕು ಎಗ್ ಕಂಡಾಗ ಡಾಕ್ಟರ್ ‘ಈ ತಿಂಗಳು ಬೇಡ’ ಅನ್ನುವುದು ಯಾಕೆ?

ಮದುವೆಯಾಗಿ ಎರಡು ವರ್ಷ ಕಳೆದರೂ ಮಗು ಆಗಿಲ್ಲ ಅಂದರೆ ಕಾಸರಗೋಡು, ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಮೊದಲು ಕೇಳಿ ಬರುವ ಮಾತು ‘ಎಗ್ ಬೆಳೆಯುವ ಮಾತ್ರೆ’. ಐದು ದಿನದ ಮಾತ್ರೆ, ಹೆಚ್ಚು ಖರ್ಚಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಹಾಗಾಗಿ ಇದನ್ನು ದೊಡ್ಡ ಚಿಕಿತ್ಸೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾದಿನಿಗೆ ಬರೆದುಕೊಟ್ಟ ಚೀಟಿ ತೋರಿಸಿ ಅತ್ತಿಗೆಗೆ ಮದ್ದು ತರುವುದೂ ಇದೆ. ಈ ಮಾತ್ರೆಯ ಅತಿ ಮುಖ್ಯವಾದ ಅಪಾಯ ಅದನ್ನು ನುಂಗಿದ ದಿನ ಗೊತ್ತಾಗುವುದಿಲ್ಲ. ಮೂರು ತಿಂಗಳ ನಂತರ ಸ್ಕ್ಯಾನಿನಲ್ಲಿ ಮೂರು ಮಕ್ಕಳು ಕಂಡಾಗ ಗೊತ್ತಾಗುತ್ತದೆ.

ವಿಷಯ ಸರಿಯಾಗಿ ಅರ್ಥವಾಗಬೇಕಾದರೆ ಒಂದು ಜೋಡಿಯ ಲೆಕ್ಕ ಹಿಡಿದು ನೋಡುವುದು ಒಳ್ಳೆಯದು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟು ಸೇರಿಸಿದ ಉದಾಹರಣೆ.

ಹೆಂಡತಿಗೆ 27 ವರ್ಷ. ಪಿಸಿಒಡಿ ಇದೆ, ಮುಟ್ಟು ಬರುವುದು 45 ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ. ಗಂಡ ಶಾರ್ಜಾದಲ್ಲಿ ಕೆಲಸಕ್ಕಿದ್ದಾರೆ, ವರ್ಷಕ್ಕೊಮ್ಮೆ 40 ದಿನ ರಜೆ. ಅವರು ಊರಿಗೆ ಬಂದ ನಾಲ್ಕನೇ ದಿನ ಆಕೆಗೆ ಮುಟ್ಟಾಯಿತು. ತಲಪಾಡಿ ದಾಟಿ ಮಂಗಳೂರಿನ ಡಾಕ್ಟರನ್ನು ಕಂಡರು. ಮುಟ್ಟಿನ ಎರಡನೇ ದಿನ ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ಹಳೆಯ ನೀರುಗುಳ್ಳೆ ಇಲ್ಲವೆಂದು ನೋಡಿ, ಮೂರನೇ ದಿನದಿಂದ ಐದು ದಿನಕ್ಕೆ ಕ್ಲೋಮಿಫೀನ್ 50 ಮಿಲಿಗ್ರಾಂ ಬರೆದುಕೊಟ್ಟರು. ದಿನಕ್ಕೆ ಒಂದು. ಹತ್ತನೇ ದಿನ ಮತ್ತೆ ಬರಲು ಹೇಳಿದರು.

ಮದ್ದಿನ ಅಂಗಡಿಯಿಂದ ಬಂದದ್ದು ಹತ್ತು ಮಾತ್ರೆಯ ಇಡೀ ಸ್ಟ್ರಿಪ್. ‘ರಜೆ ಇರುವುದೇ ನಲವತ್ತು ದಿನ, ಎರಡೆರಡು ತಗೊಂಡರೆ ಬೇಗ ಆಗ್ತದೆ’ ಅಂದರು ಮನೆಯಲ್ಲಿ ಯಾರೋ. ಆಕೆ ದಿನಕ್ಕೆ ಎರಡರಂತೆ ತಗೊಂಡರು.

ಹತ್ತನೇ ದಿನದ ಸ್ಕ್ಯಾನಿನಲ್ಲಿ ಎರಡೂ ಕಡೆ ಸೇರಿ ನಾಲ್ಕು ಫಾಲಿಕಲ್ ಬೆಳೆಯುತ್ತಿದ್ದವು: 14, 13, 12, 11 ಮಿಲಿಮೀಟರ್. ಹನ್ನೆರಡನೇ ದಿನ ಅವು 18, 17, 16 ಮತ್ತು 14 ಆದವು. ಮನೆಯವರಿಗೆ ಸಂತೋಷ. ಒಂದೂ ಎಗ್ ಬಾರದಿದ್ದವಳಿಗೆ ನಾಲ್ಕು ಬಂದಿದೆಯಲ್ಲ! ಆದರೆ ಡಾಕ್ಟರ್ ಮುಖ ಗಂಟಿಕ್ಕಿತು. ‘ಈ ತಿಂಗಳು ಬೇಡ. ಇಂಜೆಕ್ಷನ್ ಕೊಡುವುದಿಲ್ಲ. ಮುಂದಿನ ಮುಟ್ಟಿನವರೆಗೆ ಸೇರಬೇಡಿ.’

ಫಾಲಿಕಲ್ ಅಂದರೆ ಅಂಡಾಶಯದ ಒಳಗೆ ಒಂದೊಂದು ಅಂಡವನ್ನು ಇಟ್ಟುಕೊಂಡಿರುವ ನೀರು ತುಂಬಿದ ಸಣ್ಣ ಚೀಲ. ಸ್ಕ್ಯಾನಿನಲ್ಲಿ ಕಾಣುವುದು ಈ ಚೀಲವೇ ಹೊರತು ಅಂಡವಲ್ಲ, ಅಂಡ ಅಷ್ಟು ಸಣ್ಣದು. ಪ್ರತಿ ತಿಂಗಳು ಹಲವು ಚೀಲಗಳು ಓಟ ಶುರು ಮಾಡುತ್ತವೆ, ಕೊನೆಗೆ ಒಂದೇ ಗೆಲ್ಲುತ್ತದೆ. ಅದು ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆದು 18ರಿಂದ 20ಕ್ಕೆ ಬಂದಾಗ ಹಣ್ಣಾಗಿದೆ ಅಂತ ಲೆಕ್ಕ. ಒಡೆದಾಗ ಅಂಡ ಹೊರಬರುತ್ತದೆ. ಉಳಿದವು ಬಾಡಿಹೋಗುತ್ತವೆ. ಮನುಷ್ಯರಿಗೆ ಸಾಮಾನ್ಯವಾಗಿ ಒಂದು ಹೆರಿಗೆಗೆ ಒಂದೇ ಮಗು ಹುಟ್ಟುವುದು ಈ ಬಾಡಿಹೋಗುವಿಕೆಯಿಂದ.

ಉಳಿದವು ಯಾಕೆ ಬಾಡುತ್ತವೆ? ಇದನ್ನು ಅಂಗಡಿಯ ಲೆಕ್ಕದಲ್ಲಿ ಹೇಳಿದರೆ ಸುಲಭ. ತಲೆಯಲ್ಲಿರುವ ಪಿಟ್ಯುಟರಿ ಗ್ರಂಥಿ ಮಾಲು ಕಳಿಸುವ ಹೋಲ್‌ಸೇಲ್ ವ್ಯಾಪಾರಿ ಅಂತ ಇಟ್ಟುಕೊಳ್ಳಿ. ಅದು ಕಳಿಸುವ ಮಾಲು ಎಫ್‌ಎಸ್‌ಎಚ್ ಎಂಬ ಹಾರ್ಮೋನ್, ಫಾಲಿಕಲ್‌ಗಳ ಆಹಾರ. ಒಂದು ಫಾಲಿಕಲ್ ದೊಡ್ಡದಾಗುತ್ತಿದ್ದಂತೆ ಈಸ್ಟ್ರೊಜೆನ್ ತಯಾರಿಸುತ್ತದೆ. ಆ ಈಸ್ಟ್ರೊಜೆನ್ ತಲೆಗೆ ಹೋಗಿ ‘ಇಲ್ಲಿ ಮಾಲು ಸಾಕು’ ಅಂತ ಫೋನ್ ಮಾಡಿದ ಹಾಗೆ. ಕೂಡಲೇ ಎಫ್‌ಎಸ್‌ಎಚ್ ಕಡಿಮೆಯಾಗುತ್ತದೆ. ದೊಡ್ಡ ಫಾಲಿಕಲ್ ಇದ್ದದ್ದರಲ್ಲಿ ಸುಧಾರಿಸಿಕೊಳ್ಳುತ್ತದೆ, ಚಿಕ್ಕವು ಹಸಿವಿನಿಂದ ಬಾಡುತ್ತವೆ.

ಕ್ಲೋಮಿಫೀನ್ ಈ ಫೋನನ್ನೇ ಸ್ವಿಚ್ ಆಫ್ ಮಾಡಿಬಿಡುತ್ತದೆ. ಈಸ್ಟ್ರೊಜೆನ್ ಇದ್ದರೂ ತಲೆಗೆ ಅದು ತಿಳಿಯುವುದಿಲ್ಲ. ‘ಅಲ್ಲಿ ಏನೂ ಇಲ್ಲ’ ಅಂದುಕೊಂಡು ಎಫ್‌ಎಸ್‌ಎಚ್ ಕಳಿಸುತ್ತಲೇ ಇರುತ್ತದೆ. ಬೆಳೆಯದೆ ನಿಂತಿದ್ದ ಅಂಡ ಬೆಳೆಯುವುದು ಇದರಿಂದಲೇ, ಮದ್ದಿನ ಉಪಕಾರ ಇದೇ. ತೊಂದರೆಯೂ ಇದೇ. ಮಾತ್ರೆ ಐದು ದಿನಕ್ಕೆ ಮುಗಿದರೂ ಮದ್ದು ಬೇಗ ದೇಹ ಬಿಡುವುದಿಲ್ಲ, ಅದರ ಅಂಶ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಒಂದು ಫಾಲಿಕಲ್ ಗೆದ್ದ ಮೇಲೂ ಆಹಾರ ಬರುತ್ತಾ ಇರುತ್ತದೆ, ಬಾಡಬೇಕಾದ ಎರಡನೆಯದು, ಮೂರನೆಯದು ಕೂಡ ಬೆಳೆಯುತ್ತದೆ.

ಲೆಟ್ರೊಜೋಲ್ ಕೆಲಸ ಮಾಡುವ ದಾರಿ ಬೇರೆ. ಅದು ಫೋನಿಗೆ ಕೈ ಹಾಕುವುದಿಲ್ಲ, ಕೆಲವು ದಿನದ ಮಟ್ಟಿಗೆ ಈಸ್ಟ್ರೊಜೆನ್ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ತಲೆ ಎಫ್‌ಎಸ್‌ಎಚ್ ಕಳಿಸುತ್ತದೆ, ಫಾಲಿಕಲ್ ಏಳುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮದ್ದು ದೇಹದಿಂದ ಹೋಗುತ್ತದೆ. ಅಷ್ಟರಲ್ಲಿ ಗೆದ್ದ ಫಾಲಿಕಲ್ ಈಸ್ಟ್ರೊಜೆನ್ ತಯಾರಿಸಿ ಫೋನ್ ಮಾಡುತ್ತದೆ, ತಲೆ ಕೇಳಿಸಿಕೊಳ್ಳುತ್ತದೆ, ಉಳಿದವು ಬಾಡುತ್ತವೆ. ಅಮೆರಿಕದಲ್ಲಿ ಪಿಸಿಒಡಿ ಇರುವ 750 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭ ನಿಂತವರ ಪೈಕಿ ಅವಳಿ ಕಂಡುಬಂದದ್ದು ಕ್ಲೋಮಿಫೀನ್ ತಗೊಂಡವರಲ್ಲಿ ನೂರಕ್ಕೆ 7ರಷ್ಟು, ಲೆಟ್ರೊಜೋಲ್ ತಗೊಂಡವರಲ್ಲಿ ನೂರಕ್ಕೆ 3ರಷ್ಟು. ಮಗು ಪಡೆದವರ ಸಂಖ್ಯೆ ಲೆಟ್ರೊಜೋಲ್ ಕಡೆಯೇ ಹೆಚ್ಚಿತ್ತು. ಮದ್ದಿಲ್ಲದೆ ಆಗುವ ಗರ್ಭದಲ್ಲಿ ಅವಳಿ ಸುಮಾರು 80ಕ್ಕೆ ಒಂದು ಅಂತ ಹಳೆಯ ಲೆಕ್ಕ. ಅಂದರೆ ಎರಡೂ ಮಾತ್ರೆಗಳಲ್ಲಿ ಅಪಾಯ ಇದೆ, ಒಂದರಲ್ಲಿ ಕಡಿಮೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೆಟ್ರೊಜೋಲ್ ಮೂಲದಲ್ಲಿ ಸ್ತನ ಕ್ಯಾನ್ಸರಿನ ಮದ್ದು. ಗಂಡ ಗಲ್ಫಿನಿಂದಲೇ ಮಾತ್ರೆಯ ಹೆಸರು ಗೂಗಲ್ ಮಾಡಿ ‘ನಿನಗೆ ಕ್ಯಾನ್ಸರ್ ಮದ್ದು ಕೊಟ್ಟಿದ್ದಾರೆ’ ಅಂತ ಗಾಬರಿಯಲ್ಲಿ ಫೋನ್ ಮಾಡುವುದು ಇದಕ್ಕೇ. ನಮ್ಮ ದೇಶದಲ್ಲಿ 2011ರಲ್ಲಿ ಮಕ್ಕಳಾಗುವ ಚಿಕಿತ್ಸೆಗೆ ಇದನ್ನು ಬಳಸಬಾರದೆಂದು ಸರಕಾರ ನಿಷೇಧಿಸಿತ್ತು, 2017ರಲ್ಲಿ ಆ ನಿಷೇಧ ತೆಗೆಯಿತು. ಈಗ ಪಿಸಿಒಡಿಗೆ ಡಾಕ್ಟರುಗಳು ಮೊದಲು ಬರೆಯುವುದು ಹೆಚ್ಚಾಗಿ ಇದನ್ನೇ. ಆದರೆ ಗರ್ಭ ಇದ್ದಾಗ ತಗೊಳ್ಳಬಾರದು. ಆದ್ದರಿಂದ ಮುಟ್ಟು ಸರಿಯಾಗಿ ಬಾರದವರು ಮೊದಲು ಗರ್ಭ ಪರೀಕ್ಷೆ ಮಾಡಿಸಿಕೊಂಡೇ ಶುರು ಮಾಡಬೇಕು.

ಮಾತ್ರೆಗಿಂತ ದೊಡ್ಡ ಅಪಾಯ ಎಫ್‌ಎಸ್‌ಎಚ್ ಇಂಜೆಕ್ಷನಿನಲ್ಲಿ. ಅಲ್ಲಿ ತಲೆಯ ಮಾತೇ ಬೇಕಾಗಿಲ್ಲ, ಆಹಾರ ಸೀದಾ ಹೊರಗಿನಿಂದ ಬರುತ್ತದೆ. 2015ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಕಾರಣ ಗೊತ್ತಿಲ್ಲದ ಬಂಜೆತನಕ್ಕೆ ಈ ಇಂಜೆಕ್ಷನ್ ಪಡೆದು ಗರ್ಭ ನಿಂತವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಮಕ್ಕಳು. ತ್ರಿವಳಿಗಳೂ ಇದ್ದವು. ಪಿಸಿಒಡಿ ಇರುವವರಿಗೆ ಇದನ್ನು ಕೊಡಬೇಕಾದರೆ ದಿನಕ್ಕೆ 37.5 ಅಥವಾ 50 ಯೂನಿಟಿನಂತಹ ಸಣ್ಣ ಡೋಸಿನಿಂದ ಶುರು ಮಾಡಿ, ಒಂದೆರಡು ವಾರ ಕಾದು, ಏನೂ ಬೆಳೆಯದಿದ್ದರೆ ಮಾತ್ರ ಸ್ವಲ್ಪ ಏರಿಸುತ್ತಾರೆ. ಈ ನಿಧಾನದ ಕ್ರಮದಲ್ಲಿ ಅವಳಿಯ ಪ್ರಮಾಣ ನೂರಕ್ಕೆ ಹತ್ತರೊಳಗೆ ಬರುತ್ತದೆ. ಸ್ಕ್ಯಾನ್ ಇಲ್ಲದೆ ಈ ಇಂಜೆಕ್ಷನ್ ಕೊಡುವ ಜಾಗದಿಂದ ಎದ್ದು ಬರುವುದೇ ಒಳ್ಳೆಯದು.

ಮತ್ತೆ ಆ ಜೋಡಿಯ ಕಡೆಗೆ ಬರೋಣ. ಅವರ ವಾದ ಸರಳ: ‘ನಾಲ್ಕು ಇದ್ದರೆ ಚಾನ್ಸ್ ನಾಲ್ಕು ಪಟ್ಟು ಅಲ್ಲವಾ? ಎಲ್ಲವೂ ಎಲ್ಲಿ ನಿಲ್ಲುತ್ತದೆ? ಅವಳಿಯಾದರೆ ಒಂದೇ ಹೆರಿಗೆಯಲ್ಲಿ ಎರಡು, ಅದೂ ಒಳ್ಳೆಯದೇ.’

ಮೊದಲನೆಯ ತಪ್ಪು ಚಾನ್ಸಿನ ಲೆಕ್ಕದಲ್ಲಿ. ಆಕೆಯ ಸಮಸ್ಯೆ ಅಂಡ ಹೊರಬಾರದೇ ಇರುವುದು. ಗಂಡನ ವೀರ್ಯ ಪರೀಕ್ಷೆ ಸರಿಯಿದೆ, ಆಕೆಯ ನಾಳ ತೆರೆದಿದೆ, ವಯಸ್ಸು 27. ಇಂಥವರಿಗೆ ತಿಂಗಳಿಗೆ ಒಂದು ಅಂಡ ಬಂದರೆ ಉಳಿದ ಹೆಂಗಸರ ಸಾಲಿಗೇ ಬಂದ ಹಾಗೆ. ಚಿಕಿತ್ಸೆಯ ಗುರಿ ಒಂದೇ ಅಂಡ. ಎರಡು, ಮೂರು ಆದಾಗ ಗರ್ಭ ನಿಲ್ಲುವ ಸಾಧ್ಯತೆ ಸ್ವಲ್ಪ ಏರಬಹುದು, ಒಟ್ಟಿಗೆ ಎರಡು ಮೂರು ನಿಲ್ಲುವ ಸಾಧ್ಯತೆ ಅದಕ್ಕಿಂತ ಬಹಳ ಜಾಸ್ತಿ ಏರುತ್ತದೆ. ವಯಸ್ಸು ಕಡಿಮೆ ಇದ್ದಷ್ಟು ಅಂಡ ಚೆನ್ನಾಗಿರುತ್ತದೆ, ಆದ್ದರಿಂದ ಚಿಕ್ಕ ವಯಸ್ಸಿನವರಿಗೇ ಈ ಭಯ ಹೆಚ್ಚು.

ಎರಡನೆಯ ತಪ್ಪು ‘ಅದೂ ಒಳ್ಳೆಯದೇ’ ಎಂಬುದು. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತ್ರಿವಳಿ ಸರಾಸರಿ 32 ವಾರದ ಹೊತ್ತಿಗೆ, ಅಂದರೆ ಎಂಟು ತಿಂಗಳು ತುಂಬುವುದರೊಳಗೆ. ಆಗ ಒಂದೊಂದು ಮಗುವಿನ ತೂಕ ಒಂದೂವರೆ ಕಿಲೋ ಆಸುಪಾಸು. ಆ ವಯಸ್ಸಿನಲ್ಲಿ ಶ್ವಾಸಕೋಶದ ಗಾಳಿಚೀಲಗಳು ತೆರೆದು ನಿಲ್ಲಲು ಬೇಕಾದ ಜಿಡ್ಡಿನಂತಹ ಪದಾರ್ಥ ಸಾಕಷ್ಟು ಇರುವುದಿಲ್ಲ. ಮಗುವಿಗೆ ಉಸಿರಾಟದ ಯಂತ್ರ ಬೇಕಾಗಬಹುದು, ಹಾಲು ಚೀಪಲು ಬಾರದೆ ಮೂಗಿನ ಟ್ಯೂಬಿನಲ್ಲಿ ಕೊಡಬೇಕಾಗಬಹುದು. ಮಿದುಳಿನಲ್ಲಿ ರಕ್ತಸ್ರಾವ, ಕಣ್ಣಿನ ರೆಟಿನಾದ ತೊಂದರೆ ಇವೆಲ್ಲ ಅವಧಿಗೆ ಮುಂಚೆ ಹುಟ್ಟಿದವರ ಕಾಯಿಲೆಗಳು. ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಅವಳಿಗಳಲ್ಲಿ ಒಂಟಿ ಮಗುವಿಗಿಂತ ಹಲವು ಪಟ್ಟು ಹೆಚ್ಚು, ತ್ರಿವಳಿಗಳಲ್ಲಿ ಇನ್ನೂ ಹೆಚ್ಚು.

ತಾಯಿಯ ಕಡೆಯಿಂದ ನೋಡಿದರೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ರಕ್ತಹೀನತೆ, ಗರ್ಭದ ಸಕ್ಕರೆ ಕಾಯಿಲೆ, ಹೆರಿಗೆಯ ನಂತರ ಹಿಗ್ಗಿದ ಗರ್ಭಕೋಶ ಬಿಗಿಯದೆ ಆಗುವ ರಕ್ತಸ್ರಾವ ಹೆಚ್ಚು. ಪಿಸಿಒಡಿ ಇರುವವರಿಗೆ ಸಕ್ಕರೆ, ಬಿಪಿ ಭಯ ಮೊದಲೇ ಇರುತ್ತದೆ, ಅದರ ಮೇಲೆ ಇದು.

ಖರ್ಚಿನ ಮಾತೂ ಬರುತ್ತದೆ. ಒಂದು ಫಾಲಿಕಲ್ ಸ್ಕ್ಯಾನಿಗೆ ಆಗುವುದು ನೂರರ ಲೆಕ್ಕ. ಖಾಸಗಿ ಎನ್‌ಐಸಿಯುನಲ್ಲಿ ಒಂದು ಮಗುವಿಗೆ ಒಂದು ದಿನಕ್ಕೆ ಆಗುವುದು ಸಾವಿರದ ಲೆಕ್ಕ. ಮೂರು ಮಕ್ಕಳು, ಐದಾರು ವಾರ. ಗಲ್ಫಿನ ಸಂಬಳದಲ್ಲೂ ಈ ಗುಣಾಕಾರ ಮಾಡಿ ನೋಡಿದರೆ ಸಾಕು.

ಮೂರು, ನಾಲ್ಕು ನಿಂತರೆ ಕೆಲವು ಕಡೆ ಡಾಕ್ಟರ್ 11ರಿಂದ 14 ವಾರದೊಳಗೆ ಭ್ರೂಣದ ಸಂಖ್ಯೆ ಕಡಿಮೆ ಮಾಡುವ ದಾರಿ ಹೇಳುತ್ತಾರೆ. ಒಂದು ಭ್ರೂಣದ ಹೃದಯ ನಿಲ್ಲಿಸಿ ಉಳಿದವನ್ನು ಉಳಿಸುವುದು. ಇದರಲ್ಲಿ ಎಲ್ಲವನ್ನೂ ಕಳೆದುಕೊಳ್ಳುವ ಅಪಾಯವೂ ಇದೆ. ಎಷ್ಟೋ ವರ್ಷ ಮಗುವಿಗಾಗಿ ದುಆ ಮಾಡಿದ ದಂಪತಿ ಈ ಪ್ರಶ್ನೆ ಹಿಡಿದುಕೊಂಡು ಡಾಕ್ಟರ್ ಮತ್ತು ಉಸ್ತಾದರ ನಡುವೆ ಓಡಾಡುವ ಸ್ಥಿತಿ ಯಾರಿಗೂ ಬರಬಾರದು. ಹನ್ನೆರಡನೇ ದಿನದ ಸ್ಕ್ಯಾನಿನಲ್ಲಿ ‘ಬೇಡ’ ಅನ್ನುವುದು ಆ ಪ್ರಶ್ನೆ ಹುಟ್ಟದಂತೆ ಮಾಡುವ ಹೆಜ್ಜೆ.

ಈಗ ‘ಬೇಡ’ ಅಂದದ್ದರ ಒಳಗಿನ ವಿವರ. ಅಂಡ ಹೊರಬರಲು ಕೊಡುವ ಎಚ್‌ಸಿಜಿ ಇಂಜೆಕ್ಷನಿಗೆ ನಮ್ಮವರು ‘ಎಗ್ ಒಡೆಯುವ ಇಂಜೆಕ್ಷನ್’ ಅನ್ನುತ್ತಾರೆ. ಅದು ಕೊಟ್ಟ ಸುಮಾರು 36 ಗಂಟೆಗಳ ನಂತರ ಹಣ್ಣಾದ ಎಲ್ಲ ಫಾಲಿಕಲ್ ಒಡೆಯುತ್ತವೆ, ಒಂದನ್ನೇ ಆರಿಸಿ ಒಡೆಯಲು ಆಗುವುದಿಲ್ಲ. 14ರಲ್ಲಿದ್ದದ್ದು ಕೂಡ ಆ ಒಂದೂವರೆ ದಿನದಲ್ಲಿ ಬೆಳೆದು ಅಂಡ ಕೊಡಬಹುದು. ಹಾಗಾಗಿ ದೊಡ್ಡದನ್ನು ಮಾತ್ರ ಎಣಿಸಿದರೆ ಸಾಲದು, ಹಿಂದೆ ಬರುತ್ತಿರುವವನ್ನೂ ಎಣಿಸಬೇಕು. 16 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದು ಎರಡಕ್ಕಿಂತ ಹೆಚ್ಚಿದ್ದರೆ ಹಲವು ಡಾಕ್ಟರುಗಳು ಆ ತಿಂಗಳನ್ನು ಕೈಬಿಡುತ್ತಾರೆ. ಚಿಕ್ಕ ವಯಸ್ಸು, ಪಿಸಿಒಡಿ ಇದ್ದರೆ ಇನ್ನೂ ಕಟ್ಟುನಿಟ್ಟು.

ಅನೇಕರು ಇಲ್ಲೇ ಎಡವುತ್ತಾರೆ. ‘ಇಂಜೆಕ್ಷನ್ ತಗೊಂಡಿಲ್ಲವಲ್ಲ, ಇನ್ನೇನು’ ಅಂದುಕೊಳ್ಳುತ್ತಾರೆ. ಇಂಜೆಕ್ಷನ್ ಇಲ್ಲದಿದ್ದರೂ ದೇಹ ತಾನೇ ಹಾರ್ಮೋನ್ ಬಿಟ್ಟು ನಾಲ್ಕನ್ನೂ ಒಡೆಯಬಹುದು. ಅದಕ್ಕೇ ಸೇರಬೇಡಿ ಅನ್ನುವುದು, ಇಲ್ಲವಾದರೆ ಮುಟ್ಟು ಬರುವವರೆಗೆ ತಪ್ಪದೆ ಕಾಂಡೋಮ್. ಇನ್ನೊಂದು, ವೀರ್ಯಾಣು ಹೆಂಗಸಿನ ದೇಹದಲ್ಲಿ ಐದು ದಿನದವರೆಗೂ ಬದುಕಬಹುದು. ಸ್ಕ್ಯಾನಿಗೆ ಎರಡು ದಿನ ಮೊದಲು ಸೇರಿದ್ದರೆ ಹನ್ನೆರಡನೇ ದಿನ ‘ಬೇಡ’ ಅಂದು ಪ್ರಯೋಜನವೇನು? ಹಾಗಾಗಿ ಮೊದಲ ಸಲ ಮಾತ್ರೆ ತಗೊಳ್ಳುವಾಗ ಡಾಕ್ಟರ್ ಸ್ಕ್ಯಾನ್ ನೋಡಿ ‘ಆಗಬಹುದು’ ಅನ್ನುವವರೆಗೆ ಕಾಯುವುದೇ ಸರಿ. ಡಾಕ್ಟರ್ ಕೇಳಿದಾಗ ಸಂಕೋಚ ಬಿಟ್ಟು ದಿನಾಂಕ ಸಹಿತ ಹೇಳಬೇಕು.

ನಾಲ್ಕಕ್ಕಿಂತಲೂ ಹೆಚ್ಚು ಫಾಲಿಕಲ್ ಎದ್ದವರಿಗೆ ಇಂಜೆಕ್ಷನ್ ಕೊಡದಿರಲು ಇನ್ನೊಂದು ಕಾರಣ ಇದೆ. ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ. ಹೊಟ್ಟೆ ಬಿಗಿದು ದಿನದಿಂದ ದಿನಕ್ಕೆ ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದಂತಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯಲ್ಲಿ ಇದು ವಿರಳ, ಎಫ್‌ಎಸ್‌ಎಚ್ ಇಂಜೆಕ್ಷನಿನಲ್ಲಿ ಹೆಚ್ಚು.

ಆ ದಿನ ಗಂಡನ ರಜೆಯ ಹದಿನೈದನೇ ದಿನ. ಲೆಕ್ಕ ಹಾಕಿದರು. ಮುಂದಿನ ಮುಟ್ಟು ಸುಮಾರು 32ನೇ ದಿನಕ್ಕೆ. ಮತ್ತೆ ಮಾತ್ರೆ ಶುರು ಮಾಡಿದರೂ ಅಂಡ ಬರುವ ಹೊತ್ತಿಗೆ 45. ಟಿಕೆಟ್ ಇರುವುದು 40ಕ್ಕೆ. ಐದು ದಿನದ ವ್ಯತ್ಯಾಸದಲ್ಲಿ ಒಂದು ವರ್ಷ ಹೋಯಿತು. ಹೆಚ್ಚಿಗೆ ನುಂಗಿದ ಐದು ಮಾತ್ರೆಯ ಬೆಲೆ ಅದು. ಮನೆಯಲ್ಲಿ ಮಾತು ಬೆಳೆಯಿತು, ‘ಅವರದ್ದೇ ದಿನ, ಅವರದ್ದೇ ಹೊಟ್ಟೆ, ಡಾಕ್ಟರಿಗೇನು’ ಎಂಬ ತನಕ. ಆದರೂ ದಂಪತಿ ಡಾಕ್ಟರ್ ಮಾತಿಗೆ ನಿಂತರು.

ಗಲ್ಫಿನಲ್ಲಿರುವವರ ಮನೆಗೆ ಇಲ್ಲಿ ಒಂದು ಉಪಾಯ ಇದೆ. ಎಷ್ಟು ಡೋಸಿಗೆ ಒಂದೇ ಫಾಲಿಕಲ್ ಬರುತ್ತದೆ ಅಂತ ಕಂಡುಹಿಡಿಯಲು ಗಂಡ ಊರಲ್ಲಿರಲೇಬೇಕೆಂದಿಲ್ಲ. ಈ ಜೋಡಿ ಮುಂದಿನ ವರ್ಷ ಎರಡು ತಿಂಗಳು ರಜೆ ಕೇಳಿಕೊಂಡರು. ಅದಕ್ಕೆ ಮೊದಲೇ, ಗಂಡ ಶಾರ್ಜಾದಲ್ಲಿರುವಾಗಲೇ, ಹೆಂಡತಿ ಡಾಕ್ಟರ್ ನಿಗಾದಲ್ಲಿ ಎರಡು ಸುತ್ತು ಪ್ರಯತ್ನಿಸಿ ನೋಡಿದರು. ಲೆಟ್ರೊಜೋಲ್ 2.5 ಮಿಲಿಗ್ರಾಮಿಗೆ ಹನ್ನೆರಡನೇ ದಿನವೂ ಎಲ್ಲ 10ರ ಒಳಗೆ, ಏನೂ ಏಳಲಿಲ್ಲ. 5 ಮಿಲಿಗ್ರಾಮಿಗೆ ಹದಿಮೂರನೇ ದಿನ ಒಂದೇ ಒಂದು, 19. ಡೋಸ್ ಸಿಕ್ಕಿತು. ಮುಟ್ಟು ಬರಿಸುವ ಮಾತ್ರೆಯನ್ನು ವಿಮಾನದ ದಿನಾಂಕಕ್ಕೆ ಹೊಂದಿಸಿ ಕೊಡುವುದು ಕೂಡ ಡಾಕ್ಟರಿಗೆ ಕಷ್ಟವಲ್ಲ, ನಾವು ರಜೆಯ ದಿನಾಂಕ ಮೊದಲೇ ಹೇಳಿದರೆ.

ಗಂಡ ಬಂದ ಮೇಲೆ ಅದೇ 5 ಮಿಲಿಗ್ರಾಂ. ಹತ್ತನೇ ದಿನ 14 ಮತ್ತು 11. ಹನ್ನೆರಡನೇ ದಿನ 18 ಮತ್ತು 11. ಚಿಕ್ಕದು ಅಲ್ಲೇ ನಿಂತಿತ್ತು. ಮರುದಿನ ರಾತ್ರಿ ಎಚ್‌ಸಿಜಿ 5000 ಯೂನಿಟ್. ಆ ಸುತ್ತಿನಲ್ಲಿ ಗರ್ಭ ನಿಲ್ಲಲಿಲ್ಲ. ಎಲ್ಲ ಸರಿಯಿದ್ದರೂ ಒಂದು ತಿಂಗಳಲ್ಲಿ ನಿಲ್ಲುವುದು ಐದಾರು ಜನರಲ್ಲಿ ಒಬ್ಬರಿಗೆ, ಅದನ್ನು ಸೋಲು ಅಂತ ತಿಳಿದು ಡೋಸ್ ಏರಿಸುವುದು ಹಳೆಯ ತಪ್ಪಿಗೇ ವಾಪಸ್ ಹೋದ ಹಾಗೆ. ಎರಡನೇ ಸುತ್ತಿಗೂ ಅದೇ ಡೋಸ್, ಮತ್ತೆ ಒಂದೇ ಫಾಲಿಕಲ್. ಇಂಜೆಕ್ಷನ್ ಆದ ಒಂದು ವಾರಕ್ಕೇ ಮನೆಯಲ್ಲಿ ಕಾರ್ಡ್ ಟೆಸ್ಟ್ ಮಾಡುವ ಆತುರ ಇತ್ತು, ಡಾಕ್ಟರ್ ತಡೆದರು. ಆ ಇಂಜೆಕ್ಷನಿನ ಎಚ್‌ಸಿಜಿಯೇ ಕಾರ್ಡಿನಲ್ಲಿ ಎರಡು ಗೆರೆ ತೋರಿಸಿ ಮೋಸ ಮಾಡಬಹುದು, ಎರಡು ವಾರ ಕಾಯಬೇಕು.

ಸ್ಕ್ಯಾನ್ ನೋಡಿಕೊಂಡೇ ನಡೆದರೂ ಅವಳಿ ಆಗುವುದೇ ಇಲ್ಲ ಅಂತಿಲ್ಲ. ಎರಡು ಫಾಲಿಕಲ್ ಇದ್ದಾಗ ಒಪ್ಪಿಕೊಂಡು ಮುಂದುವರಿದವರಿಗೆ ಎರಡೂ ನಿಲ್ಲಬಹುದು. ಒಂದರ ಹಿಂದೆ ಅಡಗಿದ ಇನ್ನೊಂದು ಎಣಿಕೆಯಲ್ಲಿ ತಪ್ಪಬಹುದು. ಒಂದೇ ಭ್ರೂಣ ಎರಡಾಗಿ ಒಡೆದರೆ ಯಾವ ಸ್ಕ್ಯಾನೂ ಮೊದಲೇ ಹೇಳಲಾರದು. ಅವಳಿ ಅಂತ ಗೊತ್ತಾದವರು ತಪ್ಪಿಸಬಾರದ್ದು 11ರಿಂದ 14 ವಾರದ ಸ್ಕ್ಯಾನ್. ಎರಡು ಮಕ್ಕಳಿಗೂ ಒಂದೇ ಮಾಸವೋ, ಬೇರೆಬೇರೆಯೋ ಎಂಬುದು ಆಗಲೇ ಸರಿಯಾಗಿ ಕಾಣುವುದು, ನಂತರ ಗುರುತಿಸುವುದು ಕಷ್ಟ. ಬೇರೆಬೇರೆ ಇದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್. ಒಂದೇ ಮಾಸವಾದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದು ಹೋಗುವ ಅಪಾಯ ಇರುವುದರಿಂದ 16ನೇ ವಾರದಿಂದ ಎರಡು ವಾರಕ್ಕೊಮ್ಮೆ. ಹೆರಿಗೆಗೆ ಎನ್‌ಐಸಿಯು ಇರುವ ಆಸ್ಪತ್ರೆಯನ್ನೇ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಆ ಜೋಡಿಗೆ ಅದರ ಅಗತ್ಯ ಬೀಳಲಿಲ್ಲ. ಗಂಡ ಶಾರ್ಜಾಕ್ಕೆ ಹೋದ ಮೇಲೆ, ಏಳನೇ ವಾರದ ಸ್ಕ್ಯಾನಿಗೆ ಆಕೆ ಅತ್ತೆಯ ಜೊತೆ ಮಂಗಳೂರಿಗೆ ಹೋದರು. ಪರದೆಯ ಮೇಲೆ ಒಂದು ಚೀಲ, ಒಂದು ಹೃದಯದ ಮಿಡಿತ. ‘ಒಂದೇ ಅಲ್ಲವಾ ಡಾಕ್ಟ್ರೇ?’ ಅಂತ ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.